ಪರಿಚಯವಿಲ್ಲದ ಹಿರಿಯರಿಗೆ ಲಿಂಕ್ಡ್‌ಇನ್‌ನಲ್ಲಿ ಮೊದಲ ಸಂದೇಶ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಮಾಲು ಮಾರುವ ಸಂದೇಶ, ಗಿರಾಕಿ ಹುಡುಕುವ ಸಂದೇಶಗಳ ವಿಷಯ ಇಲ್ಲಿಲ್ಲ. ನೀವು ಹೋಗಬೇಕೆಂದಿರುವ ದಾರಿಯಲ್ಲಿ ಆಗಲೇ ನಡೆದುಹೋಗಿರುವ ಒಬ್ಬ ಅಪರಿಚಿತರಿಗೆ ಬರೆಯುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಒಬ್ಬ ಯುವತಿ. ಈಗ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ವಿಭಾಗದ ಟ್ರೇನಿ. ಎರಕ ಹೊಯ್ಯುವ ಮೊದಲೇ ದೋಷ ಎಲ್ಲಿ ಬರಬಹುದೆಂದು ಕಂಪ್ಯೂಟರಿನಲ್ಲಿ ನೋಡುವ ಕಾಸ್ಟಿಂಗ್ ಸಿಮ್ಯುಲೇಶನ್ ಕೆಲಸಕ್ಕೆ ಹೋಗಬೇಕೆಂಬುದು ಆಕೆಯ ಆಸೆ. ವ್ಯಕ್ತಿ ಕಲ್ಪಿತ, ಆದರೆ ಇಂಥ ಪರಿಸ್ಥಿತಿಯಲ್ಲಿರುವವರು ನಮ್ಮ ಕಡೆ ಬಹಳ.

ಯಾರಿಗೆ ಬರೆಯಬೇಕು? ಎಷ್ಟು ದೊಡ್ಡ ಹುದ್ದೆಯವರಾದರೆ ಅಷ್ಟು ಒಳ್ಳೆಯದಲ್ಲವೇ?

ಅಲ್ಲ. ದೊಡ್ಡ ಕಂಪನಿಯ ನಿರ್ದೇಶಕರು ಕ್ವಾಲಿಟಿ ಟ್ರೇನಿಯಾಗಿದ್ದು ಇಪ್ಪತ್ತೈದು ವರ್ಷದ ಹಿಂದೆ ಇರಬಹುದು, ಅಥವಾ ಆ ಕೆಲಸವನ್ನು ಅವರು ಮಾಡಿಯೇ ಇಲ್ಲದಿರಬಹುದು. ನಿಮಗಿಂತ ಐದರಿಂದ ಎಂಟು ವರ್ಷ ಮುಂದಿರುವವರನ್ನು ಹುಡುಕಿ. ನಿಮ್ಮ ಪ್ರಶ್ನೆ ಅವರಿಗೆ ಒಂದು ಕಾಲದಲ್ಲಿ ಸ್ವಂತ ಪ್ರಶ್ನೆಯಾಗಿತ್ತು, ಉತ್ತರ ಇನ್ನೂ ನೆನಪಿರುತ್ತದೆ.

ಹುಡುಕುವುದು ಹೀಗೆ: ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದು `Alumni` ಒತ್ತಿ. ಹಳೆಯ ವಿದ್ಯಾರ್ಥಿಗಳು ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ಸೋಸಿ ನೋಡಬಹುದು. ನಮ್ಮ ಉದಾಹರಣೆಯ ಯುವತಿ ಅಲ್ಲಿ `casting` ಎಂದು ಹಾಕಿ, ಊರಿನ ಜಾಗದಲ್ಲಿ ಪುಣೆಯನ್ನು ಆರಿಸಿಕೊಳ್ಳುತ್ತಾಳೆ.

ಇಲ್ಲಿ ನಮ್ಮ ಕಡೆಯವರಿಗೆ ಎರಡು ತೊಡಕುಗಳಿವೆ. ಬಹಳ ಜನ ಪ್ರೊಫೈಲಿನಲ್ಲಿ ತಾವು ಕಲಿತ ಕಾಲೇಜನ್ನು ಹಾಕದೆ ವಿಟಿಯು ಎಂದಷ್ಟೇ ಹಾಕಿರುತ್ತಾರೆ. ಅವರು ಕಾಲೇಜಿನ ಪುಟದಲ್ಲಿ ಸಿಗುವುದಿಲ್ಲ, ವಿಶ್ವವಿದ್ಯಾಲಯದ ಪುಟದಲ್ಲೂ ಹುಡುಕಬೇಕು. ಇನ್ನೊಂದು, ಊರಿನ ಹೆಸರು. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಇಂಗ್ಲಿಷ್ ಬರವಣಿಗೆಯಲ್ಲೂ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಓದಿದವರ ಪ್ರೊಫೈಲಿನಲ್ಲಿ `Belgaum`, `Bijapur` ಎಂದೇ ಉಳಿದಿರುವುದು ಹೆಚ್ಚು. ನಿಮಗೆ ಬೇಕಾದ ವಯಸ್ಸಿನವರಲ್ಲೂ ಅಂಥವರು ಇರಬಹುದು. ಎರಡೂ ಕಾಗುಣಿತ ಹಾಕಿ ಹುಡುಕಿ.

ಹೆಸರು ಸಿಕ್ಕ ಮೇಲೆ ಅವರು ಮಾಡಿದ ಕೆಲಸಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ದಾರಿ ತಿರುಗಿದ ಜಾಗ ಎಲ್ಲಿದೆ ನೋಡಿ. ಕ್ವಾಲಿಟಿಯಲ್ಲಿ ಎರಡು ವರ್ಷ, ಆಮೇಲೆ ಅಚ್ಚಿನೊಳಗೆ ಲೋಹ ಹರಿಯುವ ದಾರಿಯನ್ನು ಯೋಜಿಸುವ ಮೆಥಡ್ಸ್ ವಿಭಾಗ, ಅಲ್ಲಿಂದ ಸಿಮ್ಯುಲೇಶನ್ ಎಂದು ಒಬ್ಬರದು ಇದ್ದರೆ ಈ ಯುವತಿ ಬರೆಯಬೇಕಾದವರು ಅವರೇ. ಆ ತಿರುವಿನ ಬಗ್ಗೆ ಕೇಳಬಹುದಾದ ಒಂದು ಪ್ರಶ್ನೆ ನಿಮ್ಮಲ್ಲಿ ಹುಟ್ಟದಿದ್ದರೆ, ಆ ವ್ಯಕ್ತಿಗೆ ಈಗ ಬರೆಯಬೇಡಿ.

ಬರೆಯುವ ಮೊದಲು ನನ್ನ ಪ್ರೊಫೈಲಿನಲ್ಲಿ ಏನು ಸರಿಮಾಡಿಕೊಳ್ಳಬೇಕು?

ಮುಖ ಕಾಣುವ ಒಂದು ಫೋಟೊ, ಹೆಸರಿನ ಕೆಳಗಿನ ಒಂದು ಸಾಲು, ಈಗಿನ ಕೆಲಸದ ಬಗ್ಗೆ ಎರಡು ಮೂರು ವಾಕ್ಯ. ಇಷ್ಟು ಸಾಕು. ಹೆಸರಿನ ಕೆಳಗಿನ ಸಾಲಿಗೆ 220 ಕ್ಯಾರೆಕ್ಟರ್ ಜಾಗವಿದೆ, ಅಷ್ಟನ್ನೂ ತುಂಬಿಸಬೇಕಿಲ್ಲ. ‘ಕ್ವಾಲಿಟಿ ಟ್ರೇನಿ, ಡಕ್ಟೈಲ್ ಐರನ್ ಫೌಂಡ್ರಿ, ಬೆಳಗಾವಿ’ ಎಂದರೆ ಓದಿದವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ. ‘ಅವಕಾಶಗಳ ಹುಡುಕಾಟದಲ್ಲಿ’ ಎಂಬ ಸಾಲಿನಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ, ಮುಂದಿನ ಸಂದೇಶ ಕೆಲಸ ಕೇಳುವುದೇ ಇರಬೇಕೆಂಬ ಅನುಮಾನ ಮಾತ್ರ ಬರುತ್ತದೆ.

ಆಹ್ವಾನದ ಜೊತೆಗಿನ ಟಿಪ್ಪಣಿಯಲ್ಲಿ ಏನು ಬರೆಯಲಿ? ಜಾಗ ತೀರಾ ಕಡಿಮೆ.

ಉಚಿತ ಖಾತೆಯಿಂದ ಸಂಪರ್ಕದ ಆಹ್ವಾನ ಕಳಿಸುವಾಗ ಟಿಪ್ಪಣಿಗೆ 200 ಕ್ಯಾರೆಕ್ಟರ್ ಸಿಗುತ್ತದೆ, ಹಣ ಕಟ್ಟುವ ಪ್ರೀಮಿಯಂ ಖಾತೆಗೆ 300. ಅಷ್ಟರಲ್ಲಿ ಇಡೀ ವಿಷಯ ಹೇಳಲು ಹೋದರೆ ಯಾವುದೂ ಪೂರ್ತಿಯಾಗುವುದಿಲ್ಲ. ಈ ಟಿಪ್ಪಣಿಯ ಕೆಲಸ ಒಂದೇ: ಇವರು ಯಾರು, ನನಗೇ ಯಾಕೆ ಬರೆದಿದ್ದಾರೆ ಎಂಬುದು ಓದುವವರಿಗೆ ತಿಳಿಯಬೇಕು. ಪ್ರಶ್ನೆಯನ್ನು ಅವರು ಒಪ್ಪಿಕೊಂಡ ಮೇಲೆ ಕೇಳಬಹುದು.

ಸಾಮಾನ್ಯವಾಗಿ ಹೋಗುವ ಟಿಪ್ಪಣಿ ಹೀಗಿರುತ್ತದೆ:

> ನಮಸ್ಕಾರ ಸರ್. ನಿಮ್ಮ ಪ್ರೊಫೈಲ್ ನೋಡಿ ಬಹಳ ಸ್ಫೂರ್ತಿ ಬಂತು. ನಿಮ್ಮಂಥವರ ಮಾರ್ಗದರ್ಶನ ನನಗೆ ಬೇಕು. ದಯವಿಟ್ಟು ಸಂಪರ್ಕಕ್ಕೆ ಸೇರಿಸಿಕೊಳ್ಳಿ.

ಇದರಲ್ಲಿ ಅಗೌರವವೇನೂ ಇಲ್ಲ. ಆದರೆ ಹೆಸರು ಬದಲಿಸಿ ಸಾವಿರ ಜನಕ್ಕೆ ಕಳಿಸಬಹುದಾದ ಮಾತಿದು, ಓದಿದವರಿಗೂ ಹಾಗೇ ಅನ್ನಿಸುತ್ತದೆ. ‘ಮಾರ್ಗದರ್ಶನ’ ಎಂದರೆ ಎಷ್ಟು ಹೊತ್ತಿನ ಕೆಲಸ, ಎಷ್ಟು ದಿನದ್ದು ಎಂದು ಗೊತ್ತಾಗುವುದಿಲ್ಲ. ಅಳತೆ ಗೊತ್ತಿಲ್ಲದ ಜವಾಬ್ದಾರಿಯನ್ನು ಬಿಡುವಿಲ್ಲದವರು ಮುಟ್ಟುವುದಿಲ್ಲ. ಈಗ ಇದನ್ನು ನೋಡಿ:

> ನಮಸ್ಕಾರ ಸರ್. ನಾನು ಬಿಇಸಿ ಬಾಗಲಕೋಟೆ, ಮೆಕ್ಯಾನಿಕಲ್ 2024. ಈಗ ಉದ್ಯಮಬಾಗದ ಫೌಂಡ್ರಿಯಲ್ಲಿ ಕ್ವಾಲಿಟಿ ಟ್ರೇನಿ. ನೀವು ಕ್ವಾಲಿಟಿಯಿಂದ ಸಿಮ್ಯುಲೇಶನ್‌ಗೆ ಹೋದ ಬಗ್ಗೆ ಒಂದು ಪ್ರಶ್ನೆ ಕೇಳಬಹುದೇ?

ಸುಮಾರು 160 ಕ್ಯಾರೆಕ್ಟರ್. ಕಾಲೇಜು ಮತ್ತು ವರ್ಷ ಇಬ್ಬರಿಗೂ ಗೊತ್ತಿರುವ ನೆಲ. ಈಗಿನ ಕೆಲಸ ಹೇಳಿದ್ದರಿಂದ ಎಲ್ಲಿಂದ ಮಾತು ಶುರು ಮಾಡಬೇಕೆಂದು ಅವರಿಗೆ ತಿಳಿಯುತ್ತದೆ. ‘ಕ್ವಾಲಿಟಿಯಿಂದ ಸಿಮ್ಯುಲೇಶನ್‌ಗೆ’ ಎಂಬ ಮಾತು ಅವರ ಪ್ರೊಫೈಲ್ ಓದದವರು ಬರೆಯಲಾರದ್ದು. ‘ಒಂದು ಪ್ರಶ್ನೆ’ ಎಂದಾಗ ಕೇಳುತ್ತಿರುವುದಕ್ಕೆ ಅಳತೆ ಬಂತು. ಹೊಗಳಿಕೆಯ ಮಾತು ಒಂದೂ ಇಲ್ಲ. ಅವರ ದಾರಿಯನ್ನು ಗಮನವಿಟ್ಟು ಓದಿದ್ದೇ ಅವರಿಗೆ ಕೊಟ್ಟ ಗೌರವ.

ಕನ್ನಡದಲ್ಲಿ ಬರೆಯಬಹುದೇ, ಇಂಗ್ಲಿಷೇ ಬೇಕೇ?

ಅವರು ಯಾವ ಭಾಷೆಯಲ್ಲಿ ಬರೆಯುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಿ. ಅವರ ಪೋಸ್ಟುಗಳಲ್ಲಿ ಕನ್ನಡ ಕಂಡರೆ, ಅಥವಾ ಪ್ರೊಫೈಲಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದ್ದರೆ ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಊರಿನವರ ಮಾತು ಕೇಳಿದ ಖುಷಿ ಅವರಿಗೂ ಇರುತ್ತದೆ. ಅಡ್ಡಹೆಸರು ನೋಡಿ ಮಾತ್ರ ಊಹಿಸಬೇಡಿ. ಪಾಟೀಲ, ಕುಲಕರ್ಣಿ, ದೇಸಾಯಿ, ಜೋಶಿ ಎಂಬ ಹೆಸರುಗಳು ಗಡಿಯ ಎರಡೂ ಕಡೆ ಇವೆ. ಪುಣೆಯಲ್ಲಿರುವ ಕುಲಕರ್ಣಿಯವರ ಮನೆಮಾತು ಮರಾಠಿ ಇದ್ದು, ಕನ್ನಡ ಮಾತಾಡಲು ಬಂದರೂ ಓದಲು ಬರದಿರಬಹುದು. ಗೊತ್ತಾಗದಿದ್ದರೆ ಸರಳ ಇಂಗ್ಲಿಷಿನಲ್ಲಿ, ಇಲ್ಲಿ ತೋರಿಸಿದ ಕ್ರಮದಲ್ಲೇ ಬರೆಯಿರಿ.

ಕನ್ನಡದಲ್ಲಿ ಬರೆದಾಗ ಜಾಗ ಬೇಗ ಮುಗಿಯುತ್ತದೆ ಎಂಬುದು ನಿಜ. ಕಂಪ್ಯೂಟರು ಗುಣಿತದ ಚಿಹ್ನೆಯನ್ನೂ ಒತ್ತಿಗಾಗಿ ಹಾಕುವ ಅರ್ಧಾಕ್ಷರದ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಬೆಳಗಾವಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಎಣಿಕೆಯಲ್ಲಿ ಏಳು. ಒತ್ತಕ್ಷರ ಹೆಚ್ಚಿರುವ ಪದಗಳನ್ನು ಬಿಟ್ಟು ಚಿಕ್ಕ ಪದ ಹಾಕಿದರೆ ಒಂದು ವಾಕ್ಯಕ್ಕೆ ಬೇಕಾದಷ್ಟು ಜಾಗ ಉಳಿಯುತ್ತದೆ.

‘ಸರ್’, ‘ಮೇಡಂ’ ಎನ್ನಬೇಕೇ, ಹೆಸರು ಹಿಡಿದು ಕರೆಯಬೇಕೇ?

ನಮ್ಮ ಕಡೆಯ ಹಿರಿಯರಿಗೆ ‘ಪಾಟೀಲ ಸರ್’ ಎನ್ನುವುದೇ ಸಹಜ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರು ಹೆಸರು ಹಿಡಿದು ಕರೆಸಿಕೊಂಡು ರೂಢಿಯಾದವರು, ಆದರೂ ಮೊದಲ ಸಂದೇಶದಲ್ಲಿ ‘ಸರ್’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರೇ ಹೆಸರು ಹಿಡಿದು ಕರೆಯಿರಿ ಎಂದರೆ ಬದಲಿಸಿಕೊಳ್ಳಿ. ಒಂದು ಸಂದೇಶಕ್ಕೆ ಒಂದು ‘ಸರ್’ ಸಾಕು, ವಾಕ್ಯಕ್ಕೊಂದು ಬಂದರೆ ಅಂಗಲಾಚಿದಂತಾಗುತ್ತದೆ. ‘ಬ್ರೋ’, ‘ಡಿಯರ್’ ಬೇಡವೇ ಬೇಡ. ಹೆಸರಿನ ಕಾಗುಣಿತವನ್ನು ಪ್ರೊಫೈಲಿನಿಂದಲೇ ನಕಲು ಮಾಡಿ.

ಟಿಪ್ಪಣಿ ಬರೆಯುವ ಜಾಗವೇ ಬರಲಿಲ್ಲ, ಆಹ್ವಾನ ಹೋಗಿಬಿಟ್ಟಿತು. ಏನು ಮಾಡಲಿ?

ಮೊಬೈಲಿನಲ್ಲಿ `Connect` ಒತ್ತಿದ ಕೂಡಲೇ ಬರಿಯ ಆಹ್ವಾನ ಹೋಗಿಬಿಡುವುದುಂಟು. ಮೊಬೈಲಿನಿಂದ ಕಳಿಸುವುದಾದರೆ ಪ್ರೊಫೈಲಿನ ಮೂರು ಚುಕ್ಕಿಯನ್ನು ಅಥವಾ `More` ಒತ್ತಿ, ಅಲ್ಲಿ `Personalize invite` ಆರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ `Connect` ಒತ್ತಿದ ಮೇಲೆ `Add a note` ಎಂದು ಕೇಳುತ್ತದೆ. ಹುಡುಕಾಟದ ಪಟ್ಟಿಯಿಂದ ಕಳಿಸದೆ ಅವರ ಪ್ರೊಫೈಲನ್ನೇ ತೆರೆದು ಕಳಿಸುವುದು ಕ್ಷೇಮ.

ಹೋಗಿಬಿಟ್ಟ ಆಹ್ವಾನವನ್ನು ಗಾಬರಿಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಡಿ. `Withdraw` ಒತ್ತಿದರೆ ಅದೇ ವ್ಯಕ್ತಿಗೆ ಮೂರು ವಾರದವರೆಗೆ ಮತ್ತೆ ಆಹ್ವಾನ ಕಳಿಸಲು ಬರುವುದಿಲ್ಲ. ಹಾಗೇ ಬಿಡಿ. ಒಪ್ಪಿಕೊಂಡರೆ ಮೊದಲ ಸಂದೇಶದಲ್ಲೇ ನೀವು ಯಾರೆಂದು ಹೇಳಿದರಾಯಿತು.

ಉಚಿತ ಖಾತೆಯಿಂದ ತಿಂಗಳಿಗೆ ಕೆಲವೇ ಆಹ್ವಾನಗಳಿಗೆ ಟಿಪ್ಪಣಿ ಸೇರಿಸಬಹುದು, ಅದು ಮುಗಿದರೂ ಬರೆಯುವ ಜಾಗ ಕಾಣುವುದಿಲ್ಲ. ಆದ್ದರಿಂದ ಕಾಲೇಜಿನ ಗೆಳೆಯರಿಗೆ ಟಿಪ್ಪಣಿ ಹಾಕಿ ಖರ್ಚು ಮಾಡದೆ ಅಪರಿಚಿತರಿಗೆಂದೇ ಉಳಿಸಿಕೊಳ್ಳಿ.

ಅವರು ಒಪ್ಪಿಕೊಂಡರು. ಈಗ ಏನು ಬರೆಯಬೇಕು?

ಅದೇ ದಿನ ಅಥವಾ ಮರುದಿನ ಪ್ರಶ್ನೆ ಕಳಿಸಿ. ತಡವಾದರೆ ನೀವು ಯಾರೆಂಬುದೇ ಅವರಿಗೆ ಮರೆತುಹೋಗುತ್ತದೆ. ‘ಹಾಯ್ ಸರ್, ಹೇಗಿದ್ದೀರಿ’ ಎಂದು ಕಳಿಸಿ ಉತ್ತರಕ್ಕೆ ಕಾಯುವುದು ಬೇಡ. ಅದಕ್ಕೆ ಅವರು ‘ಚೆನ್ನಾಗಿದ್ದೇನೆ, ಹೇಳಿ’ ಎಂದು ಬರೆದು, ನೀವು ಇನ್ನೊಮ್ಮೆ ಬರೆದು, ವಿಷಯಕ್ಕೆ ಬರುವಷ್ಟರಲ್ಲಿ ಅವರು ಮೀಟಿಂಗಿಗೆ ಹೋಗಿರುತ್ತಾರೆ. ಒಂದೇ ಸಂದೇಶದಲ್ಲಿ ಎಲ್ಲವೂ ಇರಲಿ:

> ನಮಸ್ಕಾರ ಸರ್. ಸಂಪರ್ಕಕ್ಕೆ ಒಪ್ಪಿದ್ದಕ್ಕೆ ಧನ್ಯವಾದ.
>
> ನಾನು ಒಂದು ವರ್ಷದಿಂದ ಕ್ವಾಲಿಟಿಯಲ್ಲಿದ್ದೇನೆ. ಡಕ್ಟೈಲ್ ಐರನ್ ಕಾಸ್ಟಿಂಗ್‌ಗಳಲ್ಲಿ ಬರುವ ಶ್ರಿಂಕೇಜ್ ದೋಷಗಳನ್ನು ದಾಖಲಿಸುವುದು ನನ್ನ ಕೆಲಸ. ದೋಷ ಅದೇ ಜಾಗದಲ್ಲಿ ಯಾಕೆ ಬರುತ್ತದೆಂದು ತಿಳಿಯಲು ಮಾಡ್ಯುಲಸ್ ಲೆಕ್ಕವನ್ನು ಕೈಯಿಂದ ಮಾಡಲು ಕಲಿತಿದ್ದೇನೆ. ಮುಂದೆ ಸಿಮ್ಯುಲೇಶನ್ ಕೆಲಸಕ್ಕೆ ಹೋಗಬೇಕೆಂದಿದ್ದೇನೆ.
>
> ನೀವು ನಡುವೆ ಎರಡು ವರ್ಷ ಮೆಥಡ್ಸ್‌ನಲ್ಲಿದ್ದದ್ದನ್ನು ಪ್ರೊಫೈಲಿನಲ್ಲಿ ನೋಡಿದೆ. ನನ್ನ ಪ್ರಶ್ನೆ: ನಾನೂ ಮೊದಲು ಮೆಥಡ್ಸ್‌ಗೆ ವರ್ಗ ಕೇಳಿ ಗೇಟಿಂಗ್, ರೈಸರ್ ಕೆಲಸ ಕಲಿಯುವುದು ಒಳ್ಳೆಯದೇ, ಇಲ್ಲ ಕ್ವಾಲಿಟಿಯಲ್ಲಿದ್ದುಕೊಂಡೇ ಸಾಫ್ಟ್‌ವೇರ್ ತರಬೇತಿಗೆ ಸೇರಬಹುದೇ?
>
> ಎರಡು ಸಾಲಿನ ಉತ್ತರ ಸಾಕು. ಈಗ ಬಿಡುವಿಲ್ಲದಿದ್ದರೆ ತೊಂದರೆ ಇಲ್ಲ.

ಮೊಬೈಲಿನಲ್ಲಿ ಒಂದು ಪರದೆಯಷ್ಟು. ಇದಕ್ಕಿಂತ ಉದ್ದವಾದರೆ ‘ಆಮೇಲೆ ಓದೋಣ’ ಎಂದು ಪಕ್ಕಕ್ಕೆ ಹೋಗುತ್ತದೆ.

ಈ ಸಂದೇಶದ ಜೀವ ಮೂರನೆಯ ಭಾಗದಲ್ಲಿದೆ. ‘ಸಿಮ್ಯುಲೇಶನ್ ಕ್ಷೇತ್ರಕ್ಕೆ ಹೋಗುವುದು ಹೇಗೆ?’ ಎಂದು ಕೇಳಿದರೆ ಉತ್ತರಿಸಲು ಒಂದು ಗಂಟೆ ಬೇಕು, ಹಾಗಾಗಿ ಯಾರೂ ಉತ್ತರಿಸುವುದಿಲ್ಲ. ಇಲ್ಲಿ ಕೇಳಿದವಳು ಎರಡು ದಾರಿಗಳನ್ನು ತಾನೇ ಕಂಡುಕೊಂಡು ಯಾವುದು ಮೇಲು ಎಂದಷ್ಟೇ ಕೇಳಿದ್ದಾಳೆ. ‘ಮೊದಲು ಮೆಥಡ್ಸ್’ ಎಂದು ಬಸ್ಸಿನಲ್ಲಿ ಕೂತೇ ಬರೆದು ಕಳಿಸಬಹುದು. ಒಮ್ಮೆ ಬರೆಯಲು ಶುರು ಮಾಡಿದವರು ಕಾರಣವನ್ನೂ ಸೇರಿಸುವ ಸಾಧ್ಯತೆ ಹೆಚ್ಚು.

ಎರಡನೆಯ ಭಾಗದ ಮಾಡ್ಯುಲಸ್ ಲೆಕ್ಕವೂ ಸುಮ್ಮನೆ ಬಂದದ್ದಲ್ಲ. ಎರಕದ ಒಂದು ಭಾಗದ ಘನಗಾತ್ರವನ್ನು ಅದು ಶಾಖ ಬಿಡುವ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯದು, ಅದು ಹೆಚ್ಚಿರುವ ಜಾಗ ತಡವಾಗಿ ಗಟ್ಟಿಯಾಗುತ್ತದೆ. ಸಿಮ್ಯುಲೇಶನ್ ಮಾಡುವವರಿಗೆ ಇದು ಮೊದಲ ಪಾಠ. ಅದನ್ನು ಕೈಯಿಂದ ಮಾಡಿದ್ದೇನೆ ಎಂದಾಗ, ಈಕೆ ಸಾಫ್ಟ್‌ವೇರಿನ ಹೆಸರು ಕೇಳಿ ಬಂದವಳಲ್ಲ, ಬುಡದಿಂದ ಕಲಿಯುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ಇಂಥದ್ದು ಏನೆಂದು ಹುಡುಕಿ, ನಿಜವಾಗಿ ಮಾಡಿ, ಆಮೇಲೆ ಬರೆಯಿರಿ. ಮಾಡದೆ ಬರೆದರೆ ಅವರ ಮರುಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಒಂದು ಎಚ್ಚರಿಕೆ. ದೋಷದ ಫೋಟೊ, ಡ್ರಾಯಿಂಗು, ಗ್ರಾಹಕ ಕಂಪನಿಯ ಹೆಸರು, ತಿಂಗಳ ರಿಜೆಕ್ಷನ್ ಅಂಕಿ ಇವನ್ನು ಕಳಿಸಬೇಡಿ. ಅವು ನಿಮ್ಮ ಫೌಂಡ್ರಿಗೆ ಸೇರಿದವು. ಓದುವ ಹಿರಿಯರು ಪೈಪೋಟಿಯ ಕಂಪನಿಯಲ್ಲಿರಬಹುದು, ಅವರನ್ನೂ ಇಕ್ಕಟ್ಟಿಗೆ ಸಿಲುಕಿಸಿದಂತಾಗುತ್ತದೆ. ‘ದಪ್ಪ ಮತ್ತು ತೆಳು ಭಾಗ ಸೇರುವಲ್ಲಿ’ ಎಂಬಷ್ಟು ಸಾಮಾನ್ಯ ಮಾತಿನಲ್ಲಿ ಹೇಳಿದರೆ ಸಾಕು.

ಕಳಿಸಿದ ಮೇಲೆ ತಪ್ಪು ಕಂಡರೆ ಮೊದಲ 60 ನಿಮಿಷ ತಿದ್ದಲು ಬರುತ್ತದೆ. ಕ್ಷಮೆ ಕೇಳಿ ಇನ್ನೊಂದು ಸಂದೇಶ ಹಾಕುವುದಕ್ಕಿಂತ ತಿದ್ದುವುದು ವಾಸಿ.

ನನಗೆ ನಿಜವಾಗಿ ಬೇಕಿರುವುದು ಕೆಲಸ. ನೇರವಾಗಿ ಕೇಳಿದರೆ ತಪ್ಪೇ?

ಅವರ ಕಂಪನಿಯಲ್ಲಿ ಒಂದು ಹುದ್ದೆ ಪ್ರಕಟವಾಗಿದ್ದರೆ ತಪ್ಪಿಲ್ಲ. ಆ ಹುದ್ದೆಯ ಹೆಸರು, ಅದರ ಕೊಂಡಿ, ನೀವು ಅದಕ್ಕೆ ಹೊಂದುವ ಎರಡು ಕಾರಣ ಬರೆದು, ‘ಈ ತಂಡದಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ನಿಮಗೆ ಗೊತ್ತಿದ್ದರೆ ತಿಳಿಸುವಿರಾ’ ಎಂದು ಕೇಳಿ. ಹುದ್ದೆಯೇ ಇಲ್ಲದಾಗ ‘ಯಾವುದಾದರೂ ಕೆಲಸ ಇದ್ದರೆ ಹೇಳಿ ಸರ್’ ಎಂದರೆ ಅವರ ಕೈಯಲ್ಲಿ ಮಾಡುವಂಥದ್ದೇನೂ ಇರುವುದಿಲ್ಲ. ಶಿಫಾರಸು ಮಾಡಿ ಎಂದು ಮೊದಲ ಸಂದೇಶದಲ್ಲಿ ಕೇಳುವುದು ಇನ್ನೂ ಕಷ್ಟದ್ದು, ಏಕೆಂದರೆ ನಿಮ್ಮ ಕೆಲಸ ನೋಡಿರದವರು ತಮ್ಮ ಹೆಸರನ್ನು ಪಣಕ್ಕಿಡಬೇಕಾಗುತ್ತದೆ.

ಪ್ರಶ್ನೆಯ ನೆಪದಲ್ಲಿ ಶುರು ಮಾಡಿ ಎರಡನೆಯ ಸಾಲಿಗೆ ರೆಸ್ಯೂಮೆ ಅಂಟಿಸಬೇಡಿ. ಅವರು ಕೇಳಿದಾಗ ಕಳಿಸಿ.

ಮಹಿಳೆಯರಿಗೆ ಬರೆಯುವಾಗ ಬೇರೆ ಏನಾದರೂ ಗಮನಿಸಬೇಕೇ?

ವಿಷಯ ಅದೇ, ಮರ್ಯಾದೆಯೂ ಅದೇ. ಕೆಲಸಕ್ಕೆ ಸಂಬಂಧವಿಲ್ಲದ ಸಂದೇಶಗಳು ಅವರಿಗೆ ಬಹಳ ಬರುವುದರಿಂದ ನಿಮ್ಮ ಉದ್ದೇಶ ಮೊದಲ ಸಾಲಿನಲ್ಲೇ ಕಾಣಲಿ. ಫೋಟೊ ಬಗ್ಗೆ ಮಾತು ಬೇಡ, ಮೊಬೈಲ್ ನಂಬರ್ ಕೇಳಬೇಡಿ, ವಾಟ್ಸ್ಆ್ಯಪ್‌ಗೆ ಬನ್ನಿ ಎನ್ನಬೇಡಿ, ರಾತ್ರಿ ಹತ್ತರ ಮೇಲೆ ಕಳಿಸಬೇಡಿ. ಬರೆಯುವವರು ಯುವತಿಯಾಗಿದ್ದು ಆ ಕಡೆಯಿಂದ ಕೆಲಸ ಬಿಟ್ಟು ಬೇರೆ ಮಾತು ಬಂದರೆ ಉತ್ತರಿಸುವ ಹಂಗಿಲ್ಲ. ಸಂಪರ್ಕ ಕಡಿದು, ಬೇಕಿದ್ದರೆ `Report / Block` ಬಳಸಿ.

ಹತ್ತು ದಿನವಾಯಿತು, ಉತ್ತರವಿಲ್ಲ. ಮತ್ತೆ ಬರೆಯಬಹುದೇ?

ಒಂದು ಸಲ. ಮೊದಲ ಸಂದೇಶದ ಏಳರಿಂದ ಹತ್ತು ದಿನದ ಮೇಲೆ, ಅದರ ಕೆಳಗೇ, ಎರಡು ವಾಕ್ಯ. ‘ನೋಡಿದಿರಾ ಸರ್?’ ಎಂದು ಬರೆಯಬೇಡಿ, ಅದು ವಸೂಲಿಗೆ ಬಂದಂತೆ ಕೇಳಿಸುತ್ತದೆ. ಪ್ರಶ್ನೆಯನ್ನು ಇನ್ನಷ್ಟು ಸಣ್ಣದು ಮಾಡಿ: ‘ಮೇಲಿನ ಪ್ರಶ್ನೆಗೆ ಮೆಥಡ್ಸ್ ಅಥವಾ ತರಬೇತಿ ಎಂದು ಒಂದೇ ಪದದಲ್ಲಿ ಹೇಳಿದರೂ ನನಗೆ ಸಹಾಯವಾಗುತ್ತದೆ ಸರ್.’ ಅದಕ್ಕೂ ಉತ್ತರ ಬರದಿದ್ದರೆ ಅಲ್ಲಿಗೆ ಬಿಡಿ. ಅವರ ಪೋಸ್ಟಿನ ಕೆಳಗೆ ಎಲ್ಲರ ಎದುರು ‘ಮೆಸೇಜ್ ನೋಡಿ ಸರ್’ ಎಂದು ಹಾಕಬೇಡಿ.

ಮೌನಕ್ಕೆ ಬಹುಪಾಲು ನೀವು ಕಾರಣರಲ್ಲ. ಎಷ್ಟೋ ಜನ ಈ ತಾಣವನ್ನು ತಿಂಗಳಿಗೊಮ್ಮೆ ತೆರೆಯುತ್ತಾರೆ. ಕಾರ್ಖಾನೆಯವರಿಗೆ ತಿಂಗಳ ಕೊನೆಯ ವಾರ ಮಾಲು ಕಳಿಸುವ ಗಡಿಬಿಡಿ ಇರುತ್ತದೆ, ಮಾರ್ಚ್ ಕೊನೆಗಂತೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ತಿಂಗಳ ಎರಡನೆಯ ವಾರದಲ್ಲಿ, ಕೆಲಸದ ದಿನ ಬೆಳಿಗ್ಗೆ ಕಳಿಸಿದ ಸಂದೇಶಕ್ಕೆ ಓದುವವರ ಗಮನ ಸಿಗುವುದು ಹೆಚ್ಚು.

ಹಾಗಾದರೆ ಒಂದೇ ಸಲ ನಲವತ್ತು ಜನಕ್ಕೆ ಕಳಿಸಿದರೆ ಯಾರಾದರೂ ಉತ್ತರಿಸುತ್ತಾರಲ್ಲವೇ?

ನಲವತ್ತು ಜನಕ್ಕೆ ಹೊಂದುವ ಸಂದೇಶ ಒಬ್ಬರಿಗೂ ಸರಿಯಾಗಿ ಹೊಂದುವುದಿಲ್ಲ. ತಾಣದ ಕಡೆಯಿಂದಲೂ ತೊಂದರೆ ಇದೆ. ವಾರಕ್ಕೆ ಇಷ್ಟೇ ಆಹ್ವಾನ ಎಂಬ ಮಿತಿಯಿದೆ. ಆಹ್ವಾನ ಬಂದವರು ಅದನ್ನು ತಳ್ಳಿಹಾಕಿ ‘ಇವರು ನನಗೆ ಗೊತ್ತಿಲ್ಲ’ ಎಂದು ತಿಳಿಸಲು ಅವಕಾಶವಿದೆ, ಹಾಗೆ ಹೇಳಿದವರ ಸಂಖ್ಯೆ ಹೆಚ್ಚಾದರೆ ನಿಮ್ಮ ಖಾತೆಗೆ ಆಹ್ವಾನ ಕಳಿಸದಂತೆ ತಡೆ ಬೀಳಬಹುದು. ವಾರಕ್ಕೆ ಇಬ್ಬರು, ಒಬ್ಬೊಬ್ಬರ ಪ್ರೊಫೈಲಿಗೆ ಇಪ್ಪತ್ತು ನಿಮಿಷ ಕೊಟ್ಟು ಬರೆಯಿರಿ. ಒಂದೇ ಕಂಪನಿಯ ಒಂದೇ ತಂಡದ ಮೂವರಿಗೆ ಅದೇ ಪ್ರಶ್ನೆ ಕಳಿಸಬೇಡಿ, ಅವರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವವರು.

ಉತ್ತರ ಬಂತು! ಮುಂದೆ?

ಒಂದು ದಿನದೊಳಗೆ ಧನ್ಯವಾದ ಹೇಳಿ, ಅವರು ಹೇಳಿದ್ದರಲ್ಲಿ ನೀವು ಏನು ಮಾಡುತ್ತೀರಿ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ. ‘ಸೋಮವಾರ ನಮ್ಮ ಮ್ಯಾನೇಜರ್ ಹತ್ತಿರ ಮೆಥಡ್ಸ್‌ಗೆ ವರ್ಗದ ಬಗ್ಗೆ ಮಾತಾಡುತ್ತೇನೆ ಸರ್.’ ಹೊಸ ಪ್ರಶ್ನೆಯನ್ನು ಅದಕ್ಕೇ ಅಂಟಿಸಬೇಡಿ. ಅವರೇ ‘ಫೋನ್ ಮಾಡಿ’ ಎಂದರೆ ಎರಡು ಸಮಯ ಸೂಚಿಸಿ, 15 ನಿಮಿಷ ಎಂದು ಹೇಳಿ, ಹದಿನಾಲ್ಕನೆಯ ನಿಮಿಷಕ್ಕೆ ನೀವೇ ಮಾತು ಮುಗಿಸಲು ಹೊರಡಿ.

ಒಂದೂವರೆ, ಎರಡು ತಿಂಗಳ ಮೇಲೆ ಆದದ್ದನ್ನು ಬರೆಯಿರಿ. ‘ಜೂನ್‌ನಿಂದ ಮೆಥಡ್ಸ್‌ಗೆ ಹಾಕಿದ್ದಾರೆ ಸರ್. ಮೊದಲ ರೈಸರ್ ಲೆಕ್ಕ ಮಾಡಿಕೊಟ್ಟೆ, ಒಮ್ಮೆ ತಿದ್ದಬೇಕಾಯಿತು.’ ವರ್ಗ ಸಿಗದಿದ್ದರೆ ಅದನ್ನೂ ಬರೆಯಿರಿ. ತಮ್ಮ ಮಾತಿನಿಂದ ಏನಾಯಿತೆಂದು ಹೇಳಲು ತಿರುಗಿ ಬರುವವರು ಕಡಿಮೆ, ಹಾಗೆ ಬಂದವರ ಹೆಸರು ಹಿರಿಯರಿಗೆ ನೆನಪಿರುತ್ತದೆ. ಎರಡನೆಯ ಪ್ರಶ್ನೆ ಇದ್ದರೆ ಈ ಸಂದೇಶದ ಕೊನೆಯಲ್ಲಿ ಕೇಳಬಹುದು.